‘ರೇಟ್ ಜಾಸ್ತಿ ಆಯ್ತು’ ಅಂದ ತಕ್ಷಣ ಇಳಿಸಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ಮನೆ ತಾರಸಿಗೆ ಸೋಲಾರ್ ಹಾಕುವ ಸಣ್ಣ ಕಂಪನಿಯೊಂದರಲ್ಲಿ ಸೇಲ್ಸ್ ನೋಡಿಕೊಳ್ಳುತ್ತೇನೆ. ಕೊಟೇಶನ್ ಕಳಿಸಿ ಫೋನ್ ಮಾಡಿದರೆ ಹೆಚ್ಚಿನವರು ‘ರೇಟ್ ಜಾಸ್ತಿ ಆಯ್ತು’ ಅಂತಾರೆ. ಗಿರಾಕಿ ಕೈತಪ್ಪಿ ಹೋಗ್ತಾರೆ ಅನ್ನುವ ಭಯಕ್ಕೆ ಕೂಡಲೇ ಐದೋ ಹತ್ತೋ ಸಾವಿರ ಇಳಿಸುತ್ತೇನೆ. ಆದರೂ ಬಹಳ ಜನ ವಾಪಸ್ ಬರುವುದಿಲ್ಲ. ಏನು ಮಾಡಲಿ ಸರ್?

ಉತ್ತರ: ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಹೀಗೇ ಮಾಡುತ್ತಿದ್ದೆ. ಒಮ್ಮೆ ಫೋನಿನಲ್ಲಿ ಹಿರಿಯರೊಬ್ಬರು ‘ಜಾಸ್ತಿ ಆಯ್ತಲ್ಲಪ್ಪಾ’ ಅಂದರು. ನಾನು ಉಸಿರು ಬಿಡುವುದರೊಳಗೆ ಹದಿನೈದು ಸಾವಿರ ಇಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಇಷ್ಟೊತ್ತು ಹದಿನೈದು ಸಾವಿರ ಜಾಸ್ತಿ ಹೇಳ್ತಿದ್ದೆಯಾ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅವರು ಬೇರೆ ಕಡೆ ಹಾಕಿಸಿಕೊಂಡರು. ನಿಮ್ಮ ಗಿರಾಕಿಗಳು ವಾಪಸ್ ಬಾರದಿರುವುದಕ್ಕೂ ಇದೇ ಕಾರಣ ಇರಬಹುದು. ಕೇಳುವ ಮೊದಲೇ ಬೆಲೆ ಇಳಿದರೆ ಮೊದಲು ಹೇಳಿದ ಬೆಲೆಯ ಮೇಲೂ ನಂಬಿಕೆ ಹೋಗುತ್ತದೆ, ಇನ್ನೂ ಎಷ್ಟು ಇಳಿಯಬಹುದು ಎಂಬ ಲೆಕ್ಕಾಚಾರವೂ ಶುರುವಾಗುತ್ತದೆ.

ಇಳಿಸಿದ ದುಡ್ಡು ಎಲ್ಲಿಂದ ಹೋಗುತ್ತದೆ ನೋಡಿ. 3 ಕಿಲೋವ್ಯಾಟಿನ ಒಂದು ಕೆಲಸಕ್ಕೆ 2,05,000 ರೂಪಾಯಿ ಹೇಳಿದ್ದೀರಿ, ಮಾಲು, ಕೂಲಿ, ಸಾಗಾಟ ಎಲ್ಲಾ ಸೇರಿ 1,75,000 ಖರ್ಚು ಅಂದುಕೊಳ್ಳೋಣ. ಉಳಿಯುವುದು 30,000. ಹತ್ತು ಸಾವಿರ ಬಿಟ್ಟರೆ ಗಿರಾಕಿಗೆ ನೂರಕ್ಕೆ ಐದು ರೂಪಾಯಿಯೂ ಕಮ್ಮಿಯಾಗಲ್ಲ, ನಿಮ್ಮ ಲಾಭದಲ್ಲಿ ಮಾತ್ರ ಮೂರರಲ್ಲಿ ಒಂದು ಪಾಲು ಹೋಯಿತು. ಎರಡು ಕೆಲಸದಲ್ಲಿ ಬರುತ್ತಿದ್ದ ಲಾಭಕ್ಕೆ ಈಗ ಮೂರು ತಾರಸಿ ಹತ್ತಬೇಕು.

‘ಜಾಸ್ತಿ ಆಯ್ತು’ ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ಸಂಗತಿ ಇರುತ್ತವೆ. ಒಬ್ಬರ ಕೈಯಲ್ಲಿ ಇನ್ನೊಂದು ಕಂಪನಿಯ ಕೊಟೇಶನ್ ಇರುತ್ತದೆ. ಇನ್ನೊಬ್ಬರಿಗೆ ಬೆಲೆ ಒಪ್ಪಿಗೆ, ಆದರೆ ಒಟ್ಟಿಗೆ ಅಷ್ಟು ದುಡ್ಡು ಹೊಂದಿಸುವುದು ಕಷ್ಟ. ಮತ್ತೊಬ್ಬರಿಗೆ ಇದರಿಂದ ಉಳಿತಾಯ ಆಗುತ್ತದೆಯೇ ಎಂಬ ಅನುಮಾನ. ಯಾವುದು ಅಂತ ತಿಳಿಯದೆ ಇಳಿಸಿದರೆ ಜ್ವರಕ್ಕೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ಅದಕ್ಕೇ ಮೊದಲು ಎರಡು ಕ್ಷಣ ಸುಮ್ಮನಿರಿ. ಎಷ್ಟೋ ಸಲ ಅವರೇ ಮಾತು ಮುಂದುವರಿಸಿ ಕಾರಣ ಹೇಳುತ್ತಾರೆ. ಹೇಳದಿದ್ದರೆ, ‘ಯಾವುದಕ್ಕೆ ಹೋಲಿಸಿದರೆ ಜಾಸ್ತಿ ಅನ್ನಿಸ್ತು ಸರ್?’ ಎಂದು ನಿಧಾನವಾಗಿ ಕೇಳಿ. ದನಿಯಲ್ಲಿ ವಾದ ಇರಬಾರದು, ನಿಜವಾಗಿ ತಿಳಿಯಬೇಕು ಅನ್ನುವ ಹಾಗಿರಬೇಕು.

‘ಇನ್ನೊಬ್ಬರು 1,80,000ಕ್ಕೆ ಹಾಕಿಕೊಡ್ತೀವಿ ಅಂದಿದ್ದಾರೆ’ ಅಂದರು ಅಂತಿಟ್ಟುಕೊಳ್ಳಿ. ಇಪ್ಪತ್ತೈದು ಸಾವಿರದ ಅಂತರ. ಆ ಕಂಪನಿಯನ್ನು ಬೈಯಬೇಡಿ, ಬೈದರೆ ನಿಮ್ಮ ಮಾತೇ ಹಗುರಾಗುತ್ತದೆ. ‘ಒಳ್ಳೇದು ಸರ್. ಆ ಕೊಟೇಶನ್ ಕೈಯಲ್ಲೇ ಇದ್ದರೆ ನಮ್ಮದರ ಜೊತೆ ಸಾಲುಸಾಲಾಗಿ ನೋಡೋಣವಾ?’ ಅನ್ನಿ. ಮೊದಲು ನೋಡಬೇಕಾದದ್ದು ಪ್ಯಾನೆಲ್. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ಸಿಗುವ 78,000 ರೂಪಾಯಿ ಸಬ್ಸಿಡಿಗೆ ಡಿಸಿಆರ್ ಪ್ಯಾನೆಲ್ಲೇ ಆಗಬೇಕು, ಅಂದರೆ ಸೆಲ್ ಕೂಡ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಅಗ್ಗದ ಕೊಟೇಶನ್‌ನಲ್ಲಿ ಆ ಪದವೇ ಇಲ್ಲದಿದ್ದರೆ ‘ಇದೊಂದನ್ನು ಅವರ ಹತ್ರ ಬರವಣಿಗೆಯಲ್ಲಿ ಕೇಳಿ ಸರ್’ ಅಂದರೆ ಸಾಕು.

ಪ್ಯಾನೆಲ್ ಎರಡರಲ್ಲೂ ಒಂದೇ ಇದೆ ಅನ್ನೋಣ. ಆಮೇಲೆ ಪ್ಯಾನೆಲ್ ಕೂರಿಸುವ ಸ್ಟ್ರಕ್ಚರ್. ಅವರದು ಎರಡಡಿ ಎತ್ತರ, ನಿಮ್ಮದು ಎಂಟಡಿ. ಇದರಲ್ಲೇ 14,000 ವ್ಯತ್ಯಾಸ ಬಂತು. ನೆಟ್ ಮೀಟರ್ ಮತ್ತು ಅರ್ಜಿಯ ಖರ್ಚು ಅವರಲ್ಲಿ ‘ಪ್ರತ್ಯೇಕ’ ಅಂತ ಕೊನೆಯ ಸಾಲಿನಲ್ಲಿದೆ, ನಿಮ್ಮಲ್ಲಿ ಸೇರಿದೆ. ಅದು 5,000 ಅನ್ನೋಣ. ಈಗ ನಿಜವಾದ ಅಂತರ ಉಳಿದದ್ದು ಆರು ಸಾವಿರ. ಗಿರಾಕಿಯ ತಲೆಯಲ್ಲಿದ್ದ ಇಪ್ಪತ್ತೈದು ಆರಕ್ಕೆ ಬಂತು, ನೀವು ಒಂದು ರೂಪಾಯಿಯನ್ನೂ ಬಿಟ್ಟಿಲ್ಲ. ಈ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿ. ಅವರೇ ಕೂಡಿ ಕಳೆದ ಅಂಕಿ ಅವರಿಗೆ ನಂಬಿಕೆಯಾಗುತ್ತದೆ.

ಎತ್ತರದ ಸ್ಟ್ರಕ್ಚರ್ ಯಾಕೆ ಅನ್ನುವುದನ್ನು ಅವರ ತಾರಸಿಯನ್ನೇ ಇಟ್ಟುಕೊಂಡು ಹೇಳಿ. ‘ನಿಮ್ಮ ಸಿಂಟೆಕ್ಸ್ ಟ್ಯಾಂಕ್ ಪಶ್ಚಿಮಕ್ಕಿದೆ. ಮೂರು ಗಂಟೆ ಮೇಲೆ ಅದರ ನೆರಳು ತಗ್ಗಿನಲ್ಲಿರುವ ಪ್ಯಾನೆಲ್ ಮೇಲೆ ಬೀಳುತ್ತೆ. ಒಂದೇ ಸಾಲಿಗೆ ಜೋಡಿಸಿದಾಗ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ತಗ್ಗಬಹುದು. ಎಂಟಡಿ ಇದ್ದರೆ ಕೆಳಗೆ ಬಟ್ಟೆನೂ ಒಣಗಿಸಬಹುದು.’ ಇದನ್ನು ಹೇಳಬೇಕೆಂದರೆ ಸೈಟ್ ನೋಡಲು ಹೋದಾಗ ಟ್ಯಾಂಕ್ ಎಲ್ಲಿದೆ ಅಂತ ಗುರುತು ಹಾಕಿಕೊಂಡಿರಬೇಕು. ತಾರಸಿ ನೋಡದೆ ಕೊಟೇಶನ್ ಕಳಿಸುವವರಿಗೆ ಈ ಮಾತು ಬಾಯಿಗೆ ಬರುವುದಿಲ್ಲ. ಟ್ಯಾಂಕಿನ ನೆರಳೇ ಇಲ್ಲದ ಖಾಲಿ ತಾರಸಿಯಾದರೆ ಎರಡಡಿ ಸ್ಟ್ರಕ್ಚರ್ ಸಾಕು ಅಂತ ನೀವೇ ಹೇಳಬೇಕು.

ಇಷ್ಟಾದ ಮೇಲೂ ‘ಎಲ್ಲಾ ಸರಿ, ಎರಡು ಲಕ್ಷಕ್ಕೆ ಮಾಡಿಕೊಡಿ’ ಅನ್ನುತ್ತಾರೆ. ನಮ್ಮಲ್ಲಿ ಚೌಕಾಸಿ ಸಹಜ, ಬೇಸರ ಮಾಡಿಕೊಳ್ಳಬೇಡಿ. ಆದರೆ ಸುಮ್ನೆ ಇಳಿಸಬೇಡಿ. ಬೆಲೆ ಇಳಿದರೆ ಅದರ ಜೊತೆ ಕೆಲಸವಾದರೂ ಇಳಿಯಬೇಕು, ಇಲ್ಲ ಷರತ್ತಾದರೂ ಬದಲಾಗಬೇಕು. ‘ಸ್ಟ್ರಕ್ಚರ್ ಆರಡಿ ಮಾಡಿದರೆ ನಾಲ್ಕೈದು ಸಾವಿರ ಕಮ್ಮಿಯಾಗುತ್ತೆ, ನೆರಳು ಬೀಳಲ್ಲವಾ ಅಂತ ಒಮ್ಮೆ ಬಂದು ಅಳೆದು ಹೇಳ್ತೀನಿ’ ಅನ್ನಬಹುದು. ಅಥವಾ, ‘ಮಾಲು ಇಳಿಸಿದ ದಿನವೇ ಪೂರ್ತಿ ಬಾಕಿ ಕೊಡುವುದಾದರೆ ಎರಡು ಸಾವಿರ ಬಿಡ್ತೀನಿ’ ಅನ್ನಬಹುದು. ಆಗ ಮೊದಲಿನ ಬೆಲೆ ಸುಳ್ಳಾಗುವುದಿಲ್ಲ. ಎಷ್ಟರವರೆಗೆ ಹೋಗಬಹುದು ಅಂತ ಫೋನ್ ಮಾಡುವ ಮೊದಲೇ ಮಾಲೀಕರ ಜೊತೆ ಮಾತಾಡಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಾತಿನ ಮಧ್ಯೆ ನಿರ್ಧರಿಸಿದ ಗಡಿ ನಿಲ್ಲುವುದಿಲ್ಲ.

ದುಡ್ಡು ಹೊಂದಿಸುವುದೇ ತೊಂದರೆ ಅಂದವರಿಗೆ ಐದು ಸಾವಿರ ಇಳಿಸಿದರೆ ಏನೂ ಪ್ರಯೋಜನವಿಲ್ಲ. ಸಬ್ಸಿಡಿ ಬರುವುದು ಸೋಲಾರ್ ಚಾಲೂ ಆದ ಮೇಲೆ, ಅವರ ಬ್ಯಾಂಕ್ ಖಾತೆಗೆ. ಅಲ್ಲಿಯವರೆಗೆ ಅಷ್ಟೂ ದುಡ್ಡು ಕೈಯಿಂದಲೇ ಹಾಕಬೇಕು. ಅವರ ಜೊತೆ ಮಾತಾಡಬೇಕಾದದ್ದು ಬ್ಯಾಂಕ್ ಸಾಲ ಮತ್ತು ಕಂತಿನ ಬಗ್ಗೆ.

ಉಳಿತಾಯ ಆಗುತ್ತದೆಯೇ ಎಂಬ ಅನುಮಾನ ಇರುವವರ ಹತ್ತಿರ ಕರೆಂಟ್ ಬಿಲ್ಲು ಕೇಳಿ ನೋಡಿ. 3 ಕಿಲೋವ್ಯಾಟ್ ಸುಮಾರಾಗಿ ದಿನಕ್ಕೆ 12 ಯೂನಿಟ್ ಕೊಡುತ್ತದೆ. ತಿಂಗಳಿಗೆ ಮುನ್ನೂರು, ನಾನೂರು ಯೂನಿಟ್ ಸುಡುವ ಮನೆಗೆ ಲೆಕ್ಕ ಕೂಡುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿರುವ ಮನೆಯವರು ‘ಜಾಸ್ತಿ’ ಅಂದರೆ ಅವರ ಮಾತೇ ಸರಿ, ಅಲ್ವಾ? ಅಲ್ಲಿ ಎಷ್ಟು ಇಳಿಸಿದರೂ ಅವರಿಗೆ ನಷ್ಟವೇ. ‘ನಿಮಗೆ ಈಗ ಇದು ಬೇಡ ಸರ್’ ಅಂತ ಹೇಳಿಬಿಡಿ.

ಹೋಲಿಸಿ ನೋಡಿದವರಿಗೆ ಫೋನ್ ಇಟ್ಟ ಹತ್ತು ನಿಮಿಷದೊಳಗೆ ವಾಟ್ಸಾಪ್‌ನಲ್ಲಿ ಆ ಲೆಕ್ಕ ಕಳಿಸಿ: ಸ್ಟ್ರಕ್ಚರ್ 14,000, ನೆಟ್ ಮೀಟರ್ 5,000, ಉಳಿದ ಅಂತರ 6,000. ಸಂಜೆ ಮನೆಯವರ ಜೊತೆ ಕೂತು ಮಾತಾಡುವಾಗ ನೀವು ಅಲ್ಲಿರುವುದಿಲ್ಲ, ಆ ಮೂರು ಸಾಲು ಇರುತ್ತವೆ. ಮೂರನೇ ದಿನ ಮತ್ತೆ ಫೋನ್ ಮಾಡಿ. ಬೆಲೆಯ ಮಾತು ಎತ್ತಬೇಡಿ. ಡಿಸಿಆರ್ ವಿಷಯ ಆ ಇನ್ನೊಂದು ಕಂಪನಿಯವರು ಬರವಣಿಗೆಯಲ್ಲಿ ಕೊಟ್ಟರಾ ಅಂತಷ್ಟೇ ಕೇಳಿ.