ಕರೆಂಟ್ ಮಿರರ್‌ನಲ್ಲಿ ಬೇಸ್ ಕರೆಂಟ್ ತಿನ್ನುವುದೆಷ್ಟು?

ಪ್ರಶ್ನೆ: 5 ವೋಲ್ಟ್ ಸಪ್ಲೈ, 4.3 ಕಿಲೋಓಮ್ ರೆಸಿಸ್ಟರ್, ಬೀಟಾ 100 ಇರೋ ಎರಡು ಟ್ರಾನ್ಸಿಸ್ಟರ್ ಹಾಕಿ ಕರೆಂಟ್ ಮಿರರ್ ಕಟ್ಟಿದೆ. ಲೆಕ್ಕದಲ್ಲಿ ಔಟ್‌ಪುಟ್ 0.98 ಮಿಲಿಆಂಪ್ ಬರುತ್ತೆ, ಮೀಟರ್ 1.04 ತೋರಿಸುತ್ತೆ. ಸೂತ್ರವೇ ತಪ್ಪಾ ಸರ್?

ಉತ್ತರ: ಸೂತ್ರ ಸರಿ, ಅಳೆದ ರೀತಿ ತಪ್ಪು. ತಿಂಗಳಿಗೆ ನಾಲ್ಕು ಸಲ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸುತ್ತೇನೆ.

ಮಿರರ್‌ನಲ್ಲಿ ಮೊದಲನೆಯ ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಕಲೆಕ್ಟರ್ ತಂತಿಯಿಂದ ಜೋಡಿಸಿರುತ್ತವೆ, ಎರಡನೆಯದರ ಬೇಸ್ ಕೂಡ ಅಲ್ಲಿಗೇ ಸೇರುತ್ತದೆ. ಬೇಸ್-ಎಮಿಟರ್ ವೋಲ್ಟೇಜ್ 0.7 ಎಂದಿಟ್ಟರೆ ರೆಸಿಸ್ಟರ್ ಮೇಲೆ 4.3 ವೋಲ್ಟ್, ರೆಫರೆನ್ಸ್ ಕರೆಂಟ್ ಸರಿಯಾಗಿ 1 ಮಿಲಿಆಂಪ್. ಇದರಲ್ಲಿ ಎಲ್ಲವೂ ಮೊದಲನೆಯ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ಗೆ ಹೋಗುವುದಿಲ್ಲ. ಅದರ ಬೇಸ್ ಮತ್ತು ಪಕ್ಕದ ಟ್ರಾನ್ಸಿಸ್ಟರ್‌ನ ಬೇಸ್, ಎರಡಕ್ಕೂ ಕರೆಂಟ್ ಸಿಗುವುದು ಇದೇ ಕವಲಿನಿಂದ. ಎರಡೂ ಬೇಸ್-ಎಮಿಟರ್ ವೋಲ್ಟೇಜ್ ಒಂದೇ ಆಗಿರುವುದರಿಂದ ಎರಡೂ ಕಲೆಕ್ಟರ್ ಕರೆಂಟ್ ಸಮ. ಆದ್ದರಿಂದ:

```
Iref = Iout + 2·Iout/β
Iout = Iref / (1 + 2/β) = 1 / 1.02 = 0.9804 mA
```

ಒಂದೊಂದು ಬೇಸ್‌ಗೆ 9.8 ಮೈಕ್ರೊಆಂಪ್. ಎರಡಕ್ಕೂ ಸೇರಿ ಹೋದ 19.6 ಮೈಕ್ರೊಆಂಪೇ ನಿಮ್ಮ ಎರಡು ಶೇಕಡಾ ನಷ್ಟ. ಪರೀಕ್ಷೆಯಲ್ಲಿ ಬಹಳ ಮಂದಿ ಒಂದೇ ಬೇಸ್ ಲೆಕ್ಕ ಹಿಡಿದು 0.990 ಬರೆಯುತ್ತಾರೆ. ಬೀಟಾ 50 ಆದರೆ ನಷ್ಟ 3.8 ಶೇಕಡಾ, 200 ಆದರೆ 1 ಶೇಕಡಾ.

ಇನ್ನು ನಿಮ್ಮ 1.04. ಮೀಟರನ್ನು ಕಲೆಕ್ಟರ್‌ಗೂ 5 ವೋಲ್ಟ್‌ಗೂ ನಡುವೆ ನೇರ ಸಿಕ್ಕಿಸಿದ್ದೀರಿ. ಮೊದಲ ಟ್ರಾನ್ಸಿಸ್ಟರ್‌ನ ಕಲೆಕ್ಟರ್-ಎಮಿಟರ್ ನಡುವೆ 0.7 ವೋಲ್ಟ್, ಎರಡನೆಯದಕ್ಕೆ ಹೆಚ್ಚುಕಡಿಮೆ 5. ಕಲೆಕ್ಟರ್ ವೋಲ್ಟೇಜ್ ಏರಿದಂತೆ ಬೇಸ್‌ನ ಪರಿಣಾಮಕಾರಿ ಅಗಲ ಕುಗ್ಗಿ ಕಲೆಕ್ಟರ್ ಕರೆಂಟ್ ತುಸು ಏರುತ್ತದೆ. ಇದೇ ಅರ್ಲಿ ಪರಿಣಾಮ. ಅರ್ಲಿ ವೋಲ್ಟೇಜ್ 75 ಎಂದು ಹಿಡಿಯಿರಿ. 4.3 ಭಾಗಿಸು 75 ಅಂದರೆ ಸುಮಾರು 5.7 ಶೇಕಡಾ ಏರಿಕೆ, ಔಟ್‌ಪುಟ್ 1.036. ಬೇಸ್ ಕರೆಂಟ್‌ನ ನಷ್ಟ ಹಾಗೇ ಇದೆ. ಅದಕ್ಕಿಂತ ದೊಡ್ಡ ಇನ್ನೊಂದು ದೋಷ ಎದುರು ದಿಕ್ಕಿನಲ್ಲಿ ಬಂದು ಅದನ್ನು ಮುಚ್ಚಿಹಾಕಿದೆ.

ಬೇಸ್ ಕರೆಂಟ್‌ನ ದೋಷವನ್ನು ಮಾತ್ರ ನೋಡಬೇಕಾದರೆ ಎರಡೂ ಕಲೆಕ್ಟರ್‌ಗಳನ್ನು ಒಂದೇ ವೋಲ್ಟೇಜ್ ಹತ್ತಿರ ತನ್ನಿ. ಔಟ್‌ಪುಟ್ ಕಡೆಯೂ ಲೋಡ್ ಆಗಿ 4.3 ಕಿಲೋಓಮ್ ಹಾಕಿ. ಆಗ ಎರಡನೆಯ ಕಲೆಕ್ಟರ್ ಸುಮಾರು 0.78 ವೋಲ್ಟ್‌ನಲ್ಲಿ ನಿಲ್ಲುತ್ತದೆ, ಅರ್ಲಿ ಪರಿಣಾಮ ಹತ್ತಿರ ಹತ್ತಿರ ಸೊನ್ನೆ. ಮಿಲಿಆಂಪ್ ರೇಂಜ್ ಬಿಟ್ಟು ಎರಡೂ ರೆಸಿಸ್ಟರ್‌ಗಳ ಮೇಲಿನ ವೋಲ್ಟೇಜ್ ಓದಿ. ಒಂದರ ಮೇಲೆ 4.30, ಇನ್ನೊಂದರ ಮೇಲೆ 4.22 ಬರಬೇಕು. ಆ 80 ಮಿಲಿವೋಲ್ಟ್ ಅಂತರವೇ ನೀವು ಹುಡುಕುತ್ತಿರುವುದು. ಒಂದು ಶೇಕಡಾ ರೆಸಿಸ್ಟರ್‌ಗಳಾದರೆ ಅವುಗಳ ವ್ಯತ್ಯಾಸವೂ ಇಷ್ಟೇ ದೊಡ್ಡದಿರಬಹುದು. ಆದ್ದರಿಂದ ಅವನ್ನು ಅದಲುಬದಲು ಮಾಡಿ ಮತ್ತೊಮ್ಮೆ ಓದಿ, ಎರಡು ಅನುಪಾತಗಳ ಸರಾಸರಿ ತೆಗೆಯಿರಿ. 0.7ನ್ನೂ ನಂಬಬೇಡಿ. ಅದು ನಿಜವಾಗಿ 0.65 ಇದ್ದರೆ ರೆಫರೆನ್ಸೇ 1.012 ಆಗುತ್ತದೆ.

ಪ್ರಶ್ನೆ: ಮಲ್ಟಿಮೀಟರ್‌ನ hFE ಸಾಕೆಟ್‌ನಲ್ಲಿ ಎರಡೂ BC547 ಒಂದೇ ಬೀಟಾ ತೋರಿಸಿದವು. ಅಂಗಡಿಯವರು ಇದು ಮ್ಯಾಚ್ಡ್ ಜೋಡಿ ಅಂದರು. ಸಾಕಲ್ಲವೇ?

ಉತ್ತರ: ಸಾಲದು. ಹೀಗೆ ಮಾರುವುದು ಮೋಸ. ಮಿರರ್‌ಗೆ ಬೇಕಾದದ್ದು ಒಂದೇ ಕರೆಂಟ್‌ನಲ್ಲಿ ಬೇಸ್-ಎಮಿಟರ್ ವೋಲ್ಟೇಜ್ ಒಂದೇ ಇರುವುದು. ಬೀಟಾ ಒಂದೇ ಇದ್ದ ಮಾತ್ರಕ್ಕೆ ಅದು ಬರುವುದಿಲ್ಲ. ಅಲ್ಲಿ 1 ಮಿಲಿವೋಲ್ಟ್ ವ್ಯತ್ಯಾಸವಿದ್ದರೆ ಕರೆಂಟ್‌ನಲ್ಲಿ ಸುಮಾರು 4 ಶೇಕಡಾ ದೋಷ, ಅಂದರೆ ಬೀಟಾ 100ರ ನಷ್ಟದ ಎರಡರಷ್ಟು. ಒಂದು ಟ್ರಾನ್ಸಿಸ್ಟರ್ ಇನ್ನೊಂದಕ್ಕಿಂತ ಒಂದು ಡಿಗ್ರಿ ಬಿಸಿಯಾದರೂ 2 ಮಿಲಿವೋಲ್ಟ್ ಸರಿಯುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರನ್ನು ಬೆರಳಿನಿಂದ ಹಿಡಿದು ಮೀಟರ್ ನೋಡಿ, ಓದು ಏರುತ್ತಾ ಹೋಗುತ್ತದೆ. ಈ ಕೆಲಸಕ್ಕೆ BCM847ನಂಥ ಮ್ಯಾಚ್ಡ್ ಜೋಡಿ ಕೊಳ್ಳಿ, ಇಲ್ಲವೇ ಒಂದೇ ಸಿಲಿಕಾನ್ ತುಂಡಿನಲ್ಲಿ ಐದು ಟ್ರಾನ್ಸಿಸ್ಟರ್ ಇರುವ CA3046 ಬಳಸಿ. CA3046ರ 13ನೇ ಪಿನ್ ಸಬ್‌ಸ್ಟ್ರೇಟ್. ಅದನ್ನು ಸರ್ಕ್ಯೂಟ್‌ನ ಅತಿ ಕೆಳಗಿನ ವೋಲ್ಟೇಜ್‌ಗೆ ಕಟ್ಟಲೇಬೇಕು.

ಪ್ರಶ್ನೆ: ಔಟ್‌ಪುಟ್ ಅಂದರೆ ರೆಫರೆನ್ಸ್‌ನ ಬೀಟಾ ಪಟ್ಟು ತಾನೇ?

ಉತ್ತರ: ಅಲ್ಲ.

ಪ್ರಶ್ನೆ: ಒಂದೇ ರೆಫರೆನ್ಸ್‌ನಿಂದ ನಾಲ್ಕು ಔಟ್‌ಪುಟ್ ತೆಗೆಯಬಹುದೇ?

ಉತ್ತರ: ತೆಗೆಯಬಹುದು, ಆದರೆ ಬೇಸ್‌ಗಳು ಐದಾಗುತ್ತವೆ. 2/β ಜಾಗದಲ್ಲಿ 5/β ಹಾಕಿ. ಬೀಟಾ 100ಕ್ಕೆ ಪ್ರತಿ ಔಟ್‌ಪುಟ್ 0.952 ಮಿಲಿಆಂಪ್.

ಪ್ರಶ್ನೆ: ಮೂರನೇ ಟ್ರಾನ್ಸಿಸ್ಟರ್ ಹಾಕಿದರೆ ದೋಷ ಹೋಗುತ್ತಾ?

ಉತ್ತರ: ಮೊದಲನೆಯದರ ಬೇಸ್ ಮತ್ತು ಕಲೆಕ್ಟರ್ ಜೋಡಿಸಿದ ತಂತಿಯನ್ನು ತೆಗೆದು, ಅಲ್ಲಿ ಮೂರನೆಯದನ್ನು ಎಮಿಟರ್ ಫಾಲೋವರ್ ಆಗಿ ಕೂರಿಸಿದರೆ ಬೇಸ್‌ಗಳ ಕರೆಂಟ್ ಸಪ್ಲೈನಿಂದ ಬರುತ್ತದೆ. ದೋಷ 2/(β(β+1))ಕ್ಕೆ, ಅಂದರೆ 0.02 ಶೇಕಡಾಗೆ ಇಳಿಯುತ್ತದೆ. ಆದರೆ ಈಗ ಕಲೆಕ್ಟರ್ 1.4 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಹಳೆಯ 4.3 ಕಿಲೋಓಮ್ ಬಿಟ್ಟರೆ ರೆಫರೆನ್ಸ್ 0.84ಕ್ಕೆ ಇಳಿಯುತ್ತದೆ, 3.6 ಕಿಲೋಓಮ್ ಹಾಕಿ. ಅರ್ಲಿ ಪರಿಣಾಮಕ್ಕೆ ಈ ಮೂರನೆಯ ಟ್ರಾನ್ಸಿಸ್ಟರ್‌ನಿಂದ ಪರಿಹಾರ ಸಿಗುವುದಿಲ್ಲ.