ಮೆಟ್ಟಿಲು ಹತ್ತಿದ್ದಕ್ಕೆ ಕ್ಯಾಲೊರಿ ಲೆಕ್ಕ: ಸೂತ್ರ ಸರಿಯೋ, ವಾಚ್ ಸರಿಯೋ?

"ನನ್ನ ತೂಕ 70 ಕೆಜಿ. 12 ಮೀಟರ್ ಮೆಟ್ಟಿಲು ಹತ್ತಿದರೆ mgh ಪ್ರಕಾರ 2 ಕಿಲೋಕ್ಯಾಲೊರಿ ಬರುತ್ತದೆ. ವಾಚ್ 9 ತೋರಿಸುತ್ತದೆ. ಯಾವುದನ್ನು ನಂಬಲಿ?"

mgh ಅಂದರೆ ಕೆಜಿ ತೂಕ, ಗುರುತ್ವದ 9.8, ಮೀಟರ್ ಎತ್ತರ, ಈ ಮೂರನ್ನೂ ಗುಣಿಸುವ ಸೂತ್ರ. ಮನೆ ಬದಲಾಯಿಸಿದ ದಿನ ನಾನೂ ಇದನ್ನೇ ಹಿಡಿದು ಕೂತಿದ್ದೆ. ಲಿಫ್ಟ್ ಕೆಟ್ಟಿತ್ತು. 20 ಕೆಜಿಯಷ್ಟು ತೂಗುವ 40 ಪೆಟ್ಟಿಗೆಗಳು, ನಾಲ್ಕನೇ ಮಹಡಿ. ಒಂದು ಮೆಟ್ಟಿಲಿನ ಎತ್ತರ ಅಳೆದೆ, 16.5 ಸೆಂ.ಮೀ. ಅಂಥವು 72, ಅಂದರೆ ಸುಮಾರು 12 ಮೀಟರ್. ನನ್ನ 70, ಪೆಟ್ಟಿಗೆಯ 20, ಒಟ್ಟು 90 ಕೆಜಿ.

90 × 9.8 × 12 = 10,584 ಜೂಲ್. 4,184ರಿಂದ ಭಾಗಿಸಿದರೆ ಎರಡೂವರೆ ಕಿಲೋಕ್ಯಾಲೊರಿ. ನಲವತ್ತು ಸಲಕ್ಕೆ ಬರೀ ನೂರು. ನೂರಕ್ಕೆ ಊಟ ಯಾಕೆ ಅಂತ ಬೆಳಗ್ಗೆಯಿಂದ ಏನೂ ತಿನ್ನದೆ ಶುರು ಮಾಡಿದೆ. ಮೂವತ್ತನೇ ಸಲಕ್ಕೆ ಕಾಲು ನಡುಗಿತು, ಕೈ ಜಾರಿತು. ಕಂಪ್ಯೂಟರ್ ಪರದೆ ಇದ್ದ ಪೆಟ್ಟಿಗೆಯೇ ಬೀಳಬೇಕಾ!

ಗುಣಾಕಾರ ತಪ್ಪಿರಲಿಲ್ಲ. ನಾನು ಬೇರೆ ಯಾವುದನ್ನೋ ಲೆಕ್ಕ ಹಾಕಿದ್ದೆ. mgh ಹೇಳುವುದು ಭಾರ ಮೇಲೆ ಹೋಗಿದ್ದಕ್ಕೆ ಎಷ್ಟು ಶಕ್ತಿ ಸಂದಿತು ಅಂತ. ಅದಕ್ಕಾಗಿ ದೇಹ ಎಷ್ಟು ಸುಟ್ಟಿತು ಅಂತ ಅಲ್ಲ. ಸ್ನಾಯು ನಾಲ್ಕು ಪಾಲು ಸುಟ್ಟರೆ ಒಂದು ಪಾಲು ಮಾತ್ರ ಎತ್ತುವ ಕೆಲಸಕ್ಕೆ ಹೋಗುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಉಳಿದ ಮೂರು ಪಾಲು ಬಿಸಿಯಾಗಿ ಹೋಗುತ್ತದೆ. ಎರಡು ಮಹಡಿ ಹತ್ತುವಷ್ಟರಲ್ಲಿ ಬೆವರು ಬರುತ್ತದಲ್ವಾ, ಅದೇ ಇದು. ಬೆವರು ಒರೆಸಿಕೊಳ್ಳುತ್ತಲೇ ನಾನು ಆ ಮೂರು ಪಾಲನ್ನು ಲೆಕ್ಕದಿಂದ ಬಿಟ್ಟಿದ್ದೆ!

ಹಾಗಾಗಿ mgh ಉತ್ತರವನ್ನು ನಾಲ್ಕರಿಂದ ಗುಣಿಸಬೇಕು. ನಾನೀಗ ಜೂಲ್ ಗೋಜಿಗೇ ಹೋಗುವುದಿಲ್ಲ. ಕೆಜಿಯನ್ನು ಮೀಟರಿನಿಂದ ಗುಣಿಸಿ ನೂರರಿಂದ ಭಾಗಿಸುತ್ತೇನೆ, ಹೆಚ್ಚುಕಡಿಮೆ ಕಿಲೋಕ್ಯಾಲೊರಿಯೇ ಸಿಗುತ್ತದೆ. ಆ ದಿನದ ಲೆಕ್ಕ 90 × 12 ÷ 100, ಅಂದರೆ ಹತ್ತಿರ ಹತ್ತಿರ 11. ನಲವತ್ತು ಸಲಕ್ಕೆ 430. ಬರಿಗೈಲಿ ಇಳಿದಿದ್ದು ಪುಕ್ಕಟೆಯಲ್ಲ. ಇಳಿಯುವಾಗಲೂ ಸ್ನಾಯು ಮೈಭಾರ ತಡೆಹಿಡಿಯಬೇಕು. ಹತ್ತುವುದರ ಮೂರನೇ ಒಂದು ಭಾಗ ಅಂದುಕೊಂಡರೂ ಇನ್ನು ನೂರು ಚಿಲ್ಲರೆ.

ಈಗ ನಿಮ್ಮದು: 70 × 12 ÷ 100 = 8.4. ವಾಚ್ 9 ಅನ್ನುತ್ತಿದೆ. ಸೂತ್ರಕ್ಕೂ ವಾಚಿಗೂ ಜಗಳವೇ ಇಲ್ಲ, ಯಾರನ್ನು ನಂಬಲಿ ಅನ್ನುವ ಪ್ರಶ್ನೆಯೇ ಬೇಡ. ಸುಮ್ನೆ ಕೂತರೂ ದೇಹ ಸುಡುವ ಅಷ್ಟಿಷ್ಟನ್ನು ವಾಚ್ ಸೇರಿಸಿರಬಹುದು.

ಆದರೆ ಹೊರೆ ಹೊತ್ತ ದಿನ ವಾಚಿನ ಅಂಕಿ ಬಿಟ್ಟು ನೀವೇ ಲೆಕ್ಕ ಹಾಕಿ. ಅದಕ್ಕೆ ಗೊತ್ತಿರುವುದು ನೀವು ತುಂಬಿದ 70 ಮಾತ್ರ, ಹೆಗಲ ಮೇಲಿನ 20 ಅಲ್ಲ. ಸಮತಟ್ಟಾದ ನೆಲದಲ್ಲಿ ಹೊತ್ತು ನಡೆದರೆ ನನ್ನ ಈ ಸೂತ್ರವೂ ಕೆಲಸಕ್ಕೆ ಬರುವುದಿಲ್ಲ. ಎತ್ತರ ಸೊನ್ನೆ, ಉತ್ತರವೂ ಸೊನ್ನೆ, ಭುಜ ಮಾತ್ರ ಬೇರೆ ಕಥೆ ಹೇಳುತ್ತಿರುತ್ತದೆ.