ಮೂರಾ, ಆರಾ?

*ಸಂಪಾದಕರಿಗೆ ನಮಸ್ಕಾರ. ಹೋದ ತಿಂಗಳು ತಂಗಿ ಮನೆಗೆ ಹೊರಟಿದ್ದೆ. ಒಂದು ಜಂಕ್ಷನ್ನಿನ ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೆ. ಮೈಕಿನಲ್ಲಿ ನಮ್ಮ ಗಾಡಿಯ ಹೆಸರು ಕೇಳಿಸಿತು, ಮೂರು ಅಂತಲೂ ಕೇಳಿಸಿತು. ಸರಿ, ಇಲ್ಲೇ ಬರುತ್ತೆ ಅಂದುಕೊಂಡೆ. ಗಾಡಿ ಆರನೇ ಪ್ಲಾಟ್‌ಫಾರ್ಮಿನಿಂದ ಹೊರಟುಹೋಯಿತು. ವಿಚಾರಿಸಿದರೆ "ಹೇಳಿದ್ವಲ್ಲಮ್ಮ" ಅಂದರು. ತಪ್ಪು ನನ್ನ ಕಿವಿಯದೋ, ಅವರ ಮಾತಿನದೋ? ಇಂಥದ್ದನ್ನು ಹೇಗೆ ಹೇಳಿದರೆ ಥಟ್ಟನೆ ತಿಳಿಯುತ್ತೆ? "ದಯವಿಟ್ಟು ಗಮನಿಸಿ" ಅನ್ನೋ ಉಪಚಾರ ಬಿಟ್ಟು ನೇರ ವಿಷಯಕ್ಕೆ ಬಂದರೆ ಸಾಕು ಅಂತ ನನ್ನ ಅನಿಸಿಕೆ.*
*— ಓದುಗರೊಬ್ಬರು, ತಿಪಟೂರು*

ಮೇಡಂ, ನಿಮ್ಮ ಕಿವಿ ಚೆನ್ನಾಗಿಯೇ ಇದೆ. ನಿಮಗೆ ಮೂರು ಅಂತ ಕೇಳಿಸಿದ್ದು ಅವರು ಮೂರು ಅಂದಿದ್ದಕ್ಕೇ. ತೊಂದರೆ ಇರುವುದು ಆ ಮೂರರ ಹಿಂದೆ ಬಂದ ಒಂದು ಸಣ್ಣ ಪದದಲ್ಲಿ.

ನಿಮ್ಮ ಗಾಡಿ ಯಾವುದು ಅಂತ ಬರೆದಿಲ್ಲ. ಮೈಸೂರಿನಿಂದ ಬಾಗಲಕೋಟೆಗೆ ಹೋಗುವ ಬಸವ ಎಕ್ಸ್‌ಪ್ರೆಸ್ ಅಂತ ಇಟ್ಟುಕೊಳ್ಳುತ್ತೇನೆ. ಅದರ ನಂಬರ್ 17307. ಪ್ಲಾಟ್‌ಫಾರ್ಮ್ ಬದಲಾದಾಗ ನಮ್ಮ ಕಿವಿಗೆ ಬೀಳುವ ಮಾತಿನ ಧಾಟಿ ಹೆಚ್ಚುಕಮ್ಮಿ ಹೀಗಿರುತ್ತದೆ:

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಗಾಡಿ ಸಂಖ್ಯೆ ಒಂದು ಏಳು ಮೂರು ಸೊನ್ನೆ ಏಳು, ಮೈಸೂರಿನಿಂದ ಬಾಗಲಕೋಟೆಗೆ ಹೋಗುವ ಬಸವ ಎಕ್ಸ್‌ಪ್ರೆಸ್, ಪ್ಲಾಟ್‌ಫಾರ್ಮ್ ಸಂಖ್ಯೆ ಮೂರರ ಬದಲಿಗೆ ಪ್ಲಾಟ್‌ಫಾರ್ಮ್ ಸಂಖ್ಯೆ ಆರರಿಂದ ಹೊರಡಲಿದೆ. ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಕಾಗದದ ಮೇಲೆ ಓದಿದರೆ ಇದರಲ್ಲಿ ಒಂದೂ ತಪ್ಪಿಲ್ಲ. ಕಾಗದದಲ್ಲಿ ಕಣ್ಣು ಹಿಂದಕ್ಕೆ ಹೋಗಬಹುದು. ಕಿವಿಗೆ ಆ ಅನುಕೂಲ ಇಲ್ಲ, ಬಂದದ್ದನ್ನು ಬಂದ ಹಾಗೇ ನುಂಗಬೇಕು. "ಪ್ಲಾಟ್‌ಫಾರ್ಮ್ ಸಂಖ್ಯೆ ಮೂರ..." ಅನ್ನುವಷ್ಟರಲ್ಲಿ ನೀವು ಕೂತಿರುವ ಜಾಗವೂ ಮೂರು, ಕೇಳಿದ್ದೂ ಮೂರು. ಮನಸ್ಸು ನಿರಾಳವಾಯಿತು, ಕಿವಿ ಮುಚ್ಚಿಕೊಂಡಿತು. ಆಮೇಲೆ ಬಂದ "ಬದಲಿಗೆ" ಯಾರಿಗೆ ಬೇಕು? ಕನ್ನಡದಲ್ಲಿ "ಬದಲಿಗೆ" ಯಾವಾಗಲೂ ಹಿಂದೆಯೇ ಬರುತ್ತದೆ. ಮೊದಲು ಹಳೆಯ ನಂಬರ್ ಕೊಟ್ಟು, ಆಮೇಲೆ ಅದನ್ನು ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡಿದ್ದು ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ.

ಅದಕ್ಕೇ ನನ್ನ ಮೊದಲ ತಿದ್ದುಪಡಿ: ಹಳೆಯ ನಂಬರನ್ನು ಹೇಳಲೇಬಾರದು. ಮೂರರಲ್ಲಿ ಕೂತವರಿಗೆ ತಾವು ಮೂರರಲ್ಲಿ ಇದ್ದೇವೆ ಅಂತ ಗೊತ್ತು. ಈಗಷ್ಟೇ ಆಟೋದಿಂದ ಇಳಿದು ಬಂದವರಿಗೆ ಆ ಮೂರರಿಂದ ಏನೂ ಆಗಬೇಕಿಲ್ಲ. ಯಾರಿಗೂ ಬೇಡದ ಅಂಕಿ ಅದು, ದಾರಿ ತಪ್ಪಿಸುವುದಕ್ಕೆ ಮಾತ್ರ ಇದೆ.

ಇನ್ನೊಂದು ಮೂರು ಎಲ್ಲಿ ಕೂತಿದೆ ನೋಡಿ, ಗಾಡಿಯ ನಂಬರಿನೊಳಗೆ! 2010ರ ಕೊನೆಯಲ್ಲಿ ನಮ್ಮ ಗಾಡಿಗಳಿಗೆ ಐದಂಕಿಯ ನಂಬರ್ ಬಂತು. ಹಾಗಾಗಿ ಪ್ಲಾಟ್‌ಫಾರ್ಮಿನ ಒಂದು ಅಂಕಿ ಕೇಳಿಸುವ ಮೊದಲು ಬೇರೆ ಐದು ಅಂಕಿ ಕಿವಿಯೊಳಗೆ ನುಗ್ಗಿರುತ್ತವೆ. ಚಹಾ ಮಾರುವವನ ಕೂಗು, ಪಕ್ಕದ ಮಗುವಿನ ಅಳು, ಇವುಗಳ ನಡುವೆ ಒಂದು "ಮೂರು" ತೇಲಿಬಂದರೆ ಅದು ಗಾಡಿಯದೋ ಪ್ಲಾಟ್‌ಫಾರ್ಮಿನದೋ ಹೇಳುವುದು ಕಷ್ಟ. ನಂಬರ್ ಬೇಡ ಅಂತಲ್ಲ. ಅದು ಕೊನೆಗೆ ಬರಲಿ, ಟಿಕೆಟ್ ಕೈಯಲ್ಲಿ ಹಿಡಿದು ತಾಳೆ ನೋಡುವವರಿಗೆ.

ಈಗ ಮೂರು ಮತ್ತು ಆರು. ಎರಡನ್ನೂ ಜೋರಾಗಿ ಒಮ್ಮೆ ಹೇಳಿ ನೋಡಿ. ಎರಡಕ್ಕೂ ಬಾಲ ಒಂದೇ, "ರು". ಮುಂದಿರುವ ಸ್ವರ ಬೇರೆ, ಜೊತೆಗೆ ಮೂರಕ್ಕೆ ತುಟಿ ಮುಚ್ಚಿ ತೆರೆಯುವ ಒಂದು "ಮ" ಇದೆ. ಆ "ಮ" ಮೆತ್ತಗಿನ ಅಕ್ಷರ, ಗದ್ದಲದಲ್ಲಿ ಕರಗಿಹೋಗಬಹುದು. ಇನ್ನು ಹಳೆಯ ಧಾಟಿಯ ಸಾಲಿನಲ್ಲಿ ಇವೆರಡೂ "ಮೂರರ", "ಆರರಿಂದ" ಆಗಿಬಿಡುತ್ತವೆ. ರಕಾರದ ಮೇಲೆ ರಕಾರ, ಹೇಳುವವರಿಗೇ ನಾಲಿಗೆ ತೊಡರಬೇಕು.

ಪ್ಲಾಟ್‌ಫಾರ್ಮಿನ ಸೂರು ಇದನ್ನು ಇನ್ನೂ ಕೆಡಿಸುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಿಮ್ಮ ತಲೆಯ ಮೇಲಿನ ಸ್ಪೀಕರ್ ಮಾತು ಮೊದಲು ಬರುತ್ತದೆ. ಅಲ್ಲಿಂದ 34 ಮೀಟರ್ ಆಚೆ ಇನ್ನೊಂದು ಸ್ಪೀಕರ್ ಇದ್ದರೆ ಅದೇ ಮಾತು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತದೆ. ಕೇಳುವುದಕ್ಕೆ ಬಹಳ ಸಣ್ಣ ಸಮಯ ಅನಿಸುತ್ತೆ, ಅಲ್ವಾ? ಆದರೆ ಒಂದು "ಮ" ಹೇಳುವುದಕ್ಕೆ ಅಷ್ಟೂ ಬೇಡ. ಹಿಂದಿನ "ಸಂಖ್ಯೆ"ಯ ಬಾಲ ಬಂದು ಮುಂದಿನ ಅಂಕಿಯ ತಲೆಯ ಮೇಲೆ ಕೂರುತ್ತದೆ. ಇಲ್ಲಿ ವಾಲ್ಯೂಮ್ ಜಾಸ್ತಿ ಮಾಡಿದರೆ ಉಪಯೋಗವಿಲ್ಲ, ಬಾಲವೂ ಅಷ್ಟೇ ಜಾಸ್ತಿ ಆಗುತ್ತದೆ. ಅಂಕಿಗೆ ಮೊದಲು ಅರ್ಧ ಸೆಕೆಂಡು ಸುಮ್ಮನಿರುವುದೇ ಮದ್ದು. ಹಿಂದಿನ ಸದ್ದು ಒಂದಿಷ್ಟು ಅಡಗಲಿ, ಆಮೇಲೆ "ಆರು" ಬರಲಿ.

ಅಷ್ಟಾದರೂ ಅನುಮಾನ ಉಳಿಯುತ್ತದೆ. ವಿಮಾನ ಹಾರಿಸುವವರು ರೇಡಿಯೋದಲ್ಲಿ ನೈನ್ ಅನ್ನುವುದಿಲ್ಲ, ನೈನರ್ ಅನ್ನುತ್ತಾರೆ, ಫೈವ್ ಜೊತೆ ಕಲೆಸಿಹೋಗದಿರಲಿ ಅಂತ. ನಾವು ಹೊಸ ಪದ ಹುಟ್ಟಿಸಬೇಕಿಲ್ಲ. ಫೋನಿನಲ್ಲಿ ನಂಬರ್ ಕೊಡುವಾಗ ನೀವೇ ಹೇಳುವುದಿಲ್ಲವೇ, "ಆರು, ಆರು... ಸಿಕ್ಸ್ ಕಣ್ರೀ" ಅಂತ? ಅದೇ ಸಾಕು. ಆರಕ್ಕೂ ಮೂರಕ್ಕೂ ಇರುವ ಗೊಂದಲ ಸಿಕ್ಸಿಗೂ ತ್ರೀಗೂ ಇಲ್ಲ. ಕನ್ನಡದ ಘೋಷಣೆಯಲ್ಲಿ ಇಂಗ್ಲಿಷ್ ಯಾಕೆ ಅಂತ ಯಾರಾದರೂ ಪತ್ರ ಬರೆದರೆ ಉತ್ತರ ನಾನು ಕೊಡುತ್ತೇನೆ.

ನಿಮ್ಮ "ದಯವಿಟ್ಟು ಗಮನಿಸಿ"ಯ ವಿಷಯದಲ್ಲಿ ಮಾತ್ರ ನನಗೆ ಒಪ್ಪಿಗೆ ಇಲ್ಲ. ಮೈಕ್ ಶುರುವಾದಾಗ ಎಲ್ಲರ ಕಿವಿಯೂ ಬೇರೆಲ್ಲೋ ಇರುತ್ತದೆ. ಮೊದಲ ಒಂದೆರಡು ಪದ ಹೇಗಿದ್ದರೂ ನೀರಿಗೆ ಬೀಳುತ್ತವೆ. ಬೀಳುವುದಾದರೆ ಬಿದ್ದರೂ ನಷ್ಟವಿಲ್ಲದ ಪದ ಬೀಳಲಿ. ಉಪಚಾರ ಅಂದುಕೊಂಡದ್ದು ನಿಜವಾಗಿ ಬಾಗಿಲು ಬಡಿಯುವ ಸದ್ದು. ಕಿತ್ತು ಹಾಕಬೇಕಾದದ್ದು ಕೊನೆಯಲ್ಲಿರುವ ವಿಷಾದವನ್ನು. ಬ್ರಿಡ್ಜ್ ಹತ್ತಿ ಓಡುವವರಿಗೆ ವಿಷಾದ ಕೇಳಲು ಪುರಸೊತ್ತಿಲ್ಲ.

ಬಾಗಿಲು ಬಡಿದ ಮೇಲೆ ಯಾರಿಗೆ ಅಂತ ಹೇಳಬೇಕು. ತಮ್ಮ ಊರೋ ತಮ್ಮ ಗಾಡಿಯೋ ಕೇಳಿಸಿದರೆ ನಿದ್ದೆಯಲ್ಲಿದ್ದವರೂ ತಲೆ ಎತ್ತುತ್ತಾರೆ. ಇಲ್ಲಿ ಬರೀ "ಬಾಗಲಕೋಟೆಗೆ ಹೋಗುವವರು" ಅಂದರೆ ಸಾಲದು, ಯಾಕಂದರೆ ಬಸವದಲ್ಲಿ ಕಲಬುರಗಿಯವರೂ ವಿಜಯಪುರದವರೂ ಇರುತ್ತಾರೆ. ಗಾಡಿಯ ಹೆಸರೇ ಮೊದಲು ಬರಲಿ. ಆದರೆ ಒಂದೇ ಊರಿನ ಹೆಸರಿನ ಎರಡು ಗಾಡಿ ನಿಂತಿದ್ದರೆ ಹೆಸರೂ ಕೈಕೊಡುತ್ತದೆ. 2025ರ ಫೆಬ್ರವರಿ 15ರ ರಾತ್ರಿ ನವದೆಹಲಿ ನಿಲ್ದಾಣದ ಕಾಲ್ತುಳಿತದಲ್ಲಿ 18 ಜನ ಸತ್ತರು. ಪ್ರಯಾಗರಾಜ್ ಎಕ್ಸ್‌ಪ್ರೆಸ್ ಮತ್ತು ಪ್ರಯಾಗರಾಜ್ ಸ್ಪೆಷಲ್ ಅನ್ನುವ ಹೆಸರುಗಳ ಗೊಂದಲ ಅಂತ ಪೊಲೀಸರು ಮೊದಲಿಗೆ ಹೇಳಿದ್ದರು. ತಲೆಯ ಮೇಲಿನ ದೊಡ್ಡ ಹೊರೆ ಬಿದ್ದದ್ದು ಕಾರಣ ಅಂತ ರೈಲ್ವೆ ಆಮೇಲೆ ಹೇಳಿತು. ಯಾವುದೇ ಇರಲಿ, ಹೆಸರು ಹತ್ತಿರ ಹತ್ತಿರ ಇದ್ದಾಗ ಹೊರಡುವ ಹೊತ್ತನ್ನೂ ಹೆಸರಿಗೆ ಅಂಟಿಸಿ ಹೇಳಬೇಕು.

ಇಷ್ಟು ಯೋಚಿಸಿ ನಾನು ಬರೆದದ್ದು ಇದು:

"ದಯವಿಟ್ಟು ಗಮನಿಸಿ. ಬಸವ ಎಕ್ಸ್‌ಪ್ರೆಸ್. ಬಾಗಲಕೋಟೆಗೆ ಹೋಗುವ ಬಸವ ಎಕ್ಸ್‌ಪ್ರೆಸ್. ಪ್ಲಾಟ್‌ಫಾರ್ಮ್ ಬದಲಾಗಿದೆ. ಈಗ... ಆರನೇ ಪ್ಲಾಟ್‌ಫಾರ್ಮ್. ಆರು, ಸಿಕ್ಸ್. ಗಾಡಿ ಬರುವುದಕ್ಕೆ ಇನ್ನೂ ಹದಿನೈದು ನಿಮಿಷ ಇದೆ. ಬ್ರಿಡ್ಜ್ ಹತ್ತಿ ನಿಧಾನವಾಗಿ ಹೋಗಿ. ಹಳಿ ದಾಟಬೇಡಿ. ಗಾಡಿ ನಂಬರ್ ಒಂದು ಏಳು ಮೂರು ಸೊನ್ನೆ ಏಳು."

ನಮ್ಮ ಕಚೇರಿಯ ಹಿಂದೆ ಪತ್ರಿಕೆಯ ಕಟ್ಟು ಕಟ್ಟುವ ಕೋಣೆ ಇದೆ. ಫ್ಯಾನ್ ಗಡಗಡ, ರೇಡಿಯೋ ಬೇರೆ. ಬಾಗಿಲ ಹೊರಗೆ ನಿಂತು ಮೊದಲು ಹಳೆಯ ಧಾಟಿಯದನ್ನು ಓದಿದೆ. ಒಳಗಿನ ಹುಡುಗನನ್ನು "ಎಲ್ಲಿಗೆ ಹೋಗ್ತೀಯಪ್ಪ?" ಅಂದೆ. "ಮೂರಕ್ಕೆ ಅಂದ್ರಲ್ಲ ಸಾರ್" ಅಂದ. ಒಂದಿಷ್ಟು ಹೊತ್ತು ಬಿಟ್ಟು, ಅವನಿಗೆ ಮೊದಲೇ ಗೊತ್ತಾಗಬಾರದು ಅಂತ ಆರರ ಜಾಗದಲ್ಲಿ ಏಳು ಹಾಕಿ ಹೊಸದನ್ನು ಓದಿದೆ. "ಏಳು" ಅಂದ. ಆದರೆ ಇನ್ನೊಂದು ಮಾತೂ ಕೇಳಿದ: "ಹಳಿ ದಾಟಿ ಹೋಗ್ಬೇಕಾ ಸಾರ್?"

ನಾನೇ ಬಿದ್ದೆ ನೋಡಿ ಹಳ್ಳಕ್ಕೆ! ಕನ್ನಡದಲ್ಲಿ ಬೇಡ, ಇಲ್ಲ, ಕೂಡದು ಎಲ್ಲ ಬಾಲದಲ್ಲಿರುತ್ತವೆ. ಬಾಲ ಕತ್ತರಿಸಿದರೆ ಮಾತು ಉಲ್ಟಾ. "ಹಳಿ ದಾಟ" ಅನ್ನುವವರೆಗೆ ಕೇಳಿಸಿ ಉಳಿದದ್ದು ಫ್ಯಾನಿನ ಪಾಲಾದರೆ ನಾನೇ ಜನರನ್ನು ಹಳಿಗೆ ಇಳಿಸಿದ ಹಾಗಾಯಿತು. ಆ ಸಾಲು ಹೊಡೆದುಹಾಕಿ "ಬ್ರಿಡ್ಜ್ ಮೇಲಿಂದಲೇ ನಿಧಾನವಾಗಿ ಹೋಗಿ" ಅಂತ ಮಾಡಿದೆ. "ಮೂರನೇ ಪ್ಲಾಟ್‌ಫಾರ್ಮಿಗೆ ಬರುವುದಿಲ್ಲ" ಅನ್ನುವುದನ್ನೂ ಇದೇ ಕಾರಣಕ್ಕೆ ಸೇರಿಸಬಾರದು. ಇಂಥ ಯಾವ ಮಾತನ್ನೇ ಬರೆದರೂ ಎಲ್ಲಿ ಬೇಕಾದಲ್ಲಿ ಕತ್ತರಿಸಿ ನೋಡಿ. ಉಳಿದ ತುಂಡು ಏನನ್ನೂ ಹೇಳದಿದ್ದರೆ ಪರವಾಗಿಲ್ಲ, ಸುಳ್ಳು ಹೇಳಬಾರದು.

ಹದಿನೈದು ನಿಮಿಷ ಅಂತ ಹಾಕಿದ್ದು ಓಟ ತಡೆಯುವುದಕ್ಕೆ. ಸಮಯ ಇದೆ ಅಂತ ತಿಳಿದವರು ಮೆಟ್ಟಿಲ ಮೇಲೆ ನೂಕುವುದಿಲ್ಲ. ಆದರೆ ಅದು ನಿಜವಾಗಿದ್ದರೆ ಮಾತ್ರ ಹೇಳಬೇಕು. ಗಾಡಿ ಆಗಲೇ ಬಂದು ನಿಂತಿದ್ದರೆ ಮಾತನ್ನು ಎಷ್ಟು ತಿದ್ದಿದರೂ ಪ್ರಯೋಜನ ಕಡಿಮೆ. ಆಗ ಗಾಡಿಯನ್ನೇ ನಾಲ್ಕು ನಿಮಿಷ ನಿಲ್ಲಿಸಬೇಕಾಗುತ್ತದೆ.

ಇನ್ನು ಮೂರು ಭಾಷೆಯ ಸಂಗತಿ. ಕನ್ನಡ ಪೂರ್ತಿ ಮುಗಿದು, ಹಿಂದಿ ಮುಗಿದು, ಇಂಗ್ಲಿಷಿನವರ ಸರದಿ ಬರುವ ಹೊತ್ತಿಗೆ ಮುಕ್ಕಾಲು ನಿಮಿಷವಾದರೂ ಕಳೆದಿರುತ್ತದೆ. ನಾನಾದರೆ ಎರಡು ಸುತ್ತು ಮಾಡುತ್ತೇನೆ. ಮೊದಲ ಸುತ್ತಿನಲ್ಲಿ ಮೂರೂ ಭಾಷೆಯಲ್ಲಿ ಗಾಡಿ, ಬದಲಾವಣೆ, ಹೊಸ ಅಂಕಿ, ಇಷ್ಟೇ. ಸಮಯ, ಬ್ರಿಡ್ಜ್, ನಂಬರ್ ಎಲ್ಲ ಎರಡನೇ ಸುತ್ತಿಗೆ.

ಇದನ್ನು ಜಾರಿಗೆ ತರುವುದು ಎಷ್ಟು ಸುಲಭ ಅಂತ ಕೇಳಿದರೆ, ಅಷ್ಟೇನೂ ಅಲ್ಲ. ಮೈಕಿನಲ್ಲಿ ನಾವು ಕೇಳುವುದು ಹೆಚ್ಚಾಗಿ ಮೊದಲೇ ಮುದ್ರಿಸಿಟ್ಟ ತುಂಡುಗಳ ಜೋಡಣೆ. ಸಿಬ್ಬಂದಿ ಗಾಡಿ ನಂಬರ್ ಒತ್ತಿ, ಬರುತ್ತಿದೆಯೋ, ತಡವೋ, ಪ್ಲಾಟ್‌ಫಾರ್ಮ್ ಬದಲೋ ಅಂತ ಆರಿಸುತ್ತಾರೆ, ಯಂತ್ರ ತುಂಡು ಪೋಣಿಸುತ್ತದೆ. ಸಾಲಿನ ಕ್ರಮ ಬದಲಿಸಬೇಕಾದರೆ ಆ ಅಚ್ಚನ್ನೇ ಬದಲಿಸಬೇಕು, "ಆರನೇ" ಮತ್ತು "ಆರು, ಸಿಕ್ಸ್" ಅನ್ನು ಹೊಸದಾಗಿ ಮುದ್ರಿಸಬೇಕು. ಅದು ಒಂದು ನಿಲ್ದಾಣದವರ ಕೈಯಲ್ಲಿ ಇರುವುದಿಲ್ಲ. ಕೊನೇ ಗಳಿಗೆಯ ಬದಲಾವಣೆಗೆ ಮಾತ್ರ ಸಿಬ್ಬಂದಿಯೇ ಮೈಕ್ ಹಿಡಿಯುವುದುಂಟು. ಅಲ್ಲಿ ನಾಳೆಯಿಂದಲೇ ಹೀಗೆ ಹೇಳಬಹುದು.

ಹಾಗಾಗಿ ನಿಮ್ಮ ದೂರನ್ನು ರೈಲ್ವೆಯ 139ಕ್ಕೆ ಹೇಳಿ, ಜೊತೆಗೆ ಆ ನಿಲ್ದಾಣದ ಮ್ಯಾನೇಜರ್ ಅವರಿಗೂ ಒಂದು ಪತ್ರ ಬರೆಯಿರಿ. ಮೈಕಿನ ಪಕ್ಕ ಅಂಟಿಸಲು ಒಂದು ಚೀಟಿಯನ್ನೂ ಇಡಿ, ದಪ್ಪ ಅಕ್ಷರದಲ್ಲಿ: "ಗಾಡಿ ಹೆಸರು ಎರಡು ಸಲ. ಬದಲಾಗಿದೆ. ಸುಮ್ಮನಿರಿ. ಹೊಸ ನಂಬರ್ ಎರಡು ಸಲ." ಹಳೆಯ ನಂಬರಿಗೆ ಆ ಚೀಟಿಯಲ್ಲಿ ಜಾಗ ಬಿಡಬೇಡಿ.

— ಸಂಪಾದಕ